ಎರಡು ಸಲ ಬರುವ ಎರಡೂವರೆ ಗಂಟೆ



ಪ್ರತಿವರ್ಷ ಏಪ್ರಿಲ್ ತಿಂಗಳ ಮೊದಲ ಭಾನುವಾರ ನಸುಕಿನಲ್ಲಿ ಅಡಿಲೇಡ್‌ನಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಗಡಿಯಾರ ಮೂರಕ್ಕೆ ಬರುತ್ತಿದ್ದಂತೆ ಅದನ್ನು ಎರಡಕ್ಕೆ ಹಿಂದೆ ಸರಿಸುತ್ತಾರೆ. ಬೇಸಿಗೆ ಸಮಯ ಮುಗಿಯುವ ಗಳಿಗೆ ಅದು. ಹೀಗಾಗಿ ಆ ದಿನ ಎರಡೂವರೆ ಗಂಟೆ ಎರಡು ಸಲ ಬರುತ್ತದೆ. ಮೊದಲ ಎರಡೂವರೆಯಾದಾಗ ಬ್ರಿಸ್ಬೇನ್‌ನಲ್ಲಿ ಎರಡು ಗಂಟೆ, ಪರ್ತ್‌ನಲ್ಲಿ ಸರಿಯಾಗಿ ನಡುರಾತ್ರಿ. ಎರಡನೆಯ ಎರಡೂವರೆಯಾದಾಗ ಬ್ರಿಸ್ಬೇನ್‌ನಲ್ಲಿ ಮೂರು, ಪರ್ತ್‌ನಲ್ಲಿ ಒಂದು. ಈ ಎರಡೂ ಊರುಗಳಲ್ಲಿ ಗಡಿಯಾರವನ್ನು ಯಾರೂ ಮುಟ್ಟುವುದಿಲ್ಲ. ಬೇಸಿಗೆ ಸಮಯ ಬೇಡವೆಂದು ಕ್ವೀನ್ಸ್‌ಲ್ಯಾಂಡ್ 1992ರಲ್ಲಿ, ಪಶ್ಚಿಮ ಆಸ್ಟ್ರೇಲಿಯಾ 2009ರಲ್ಲಿ ಜನಮತದಿಂದಲೇ ತೀರ್ಮಾನಿಸಿವೆ.

ಈಗ ಈ ಮೂರು ಊರುಗಳ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಪಾಠ ಹೇಳುವ ಒಂದು ಕನ್ನಡ ಶಾಲೆಯನ್ನು ಕಲ್ಪಿಸಿಕೊಳ್ಳಿ. ಲೆಕ್ಕ ನೋಡುವ ಖಜಾಂಚಿ ಬ್ರಿಸ್ಬೇನ್‌ನ ಇಂಡೂರೂಪಿಲ್ಲಿಯಲ್ಲಿದ್ದಾರೆ. ಶುಲ್ಕ ವಸೂಲಿಯ ಪ್ರೋಗ್ರಾಂ ಬರೆದುಕೊಟ್ಟವರು ಅಡಿಲೇಡ್‌ನವರು, ಹಾಗಾಗಿ ಸರ್ವರ್ ಅಡಿಲೇಡ್ ಸಮಯಕ್ಕೆ ನಡೆಯುತ್ತದೆ. ತಿಂಗಳ ಮೊದಲ ಭಾನುವಾರ ನಸುಕಿನ ಎರಡೂವರೆಗೆ ಅದು ಎದ್ದು, ಮಗುವಿಗೆ 40 ಡಾಲರ್‌ನಂತೆ ಪೋಷಕರ ಕಾರ್ಡಿನಿಂದ ತೆಗೆದುಕೊಳ್ಳಬೇಕಾದ ಕೆಲಸಗಳ ಪಟ್ಟಿ ಮಾಡುತ್ತದೆ. ಪ್ರತಿ ಕೆಲಸದ ಮುಂದೆ ‘ಬಾಕಿ’ ಎಂದು ಬರೆಯುತ್ತದೆ. ಇನ್ನೊಂದು ಪ್ರೋಗ್ರಾಂ ಆ ಬಾಕಿ ಕೆಲಸಗಳನ್ನು ಒಂದೊಂದಾಗಿ ಎತ್ತಿಕೊಂಡು ಮಾಡಿ ಮುಗಿಸುತ್ತದೆ. ಏಪ್ರಿಲ್‌ನಲ್ಲಿ ಪಟ್ಟಿ ಎರಡು ಸಲ ತಯಾರಾದರೆ ಮೂರೂ ಊರಿನ ಪೋಷಕರ ಕಾರ್ಡಿನಿಂದ ಮಗುವಿಗೆ ಎಂಬತ್ತೆಂಬತ್ತು ಡಾಲರ್ ಹೋಗಿರುತ್ತದೆ.

ಕೆಲವು ಲಿನಕ್ಸ್ ಯಂತ್ರಗಳಲ್ಲಿ ವೇಳಾಪಟ್ಟಿ ನೋಡುವ ವ್ಯವಸ್ಥೆ ಗಡಿಯಾರ ಹಿಂದೆ ಸರಿದದ್ದನ್ನು ಗುರುತಿಸಿ, ಮಾಡಿದ ಕೆಲಸವನ್ನು ಮತ್ತೆ ಮಾಡದೆ ಬಿಡುತ್ತದೆ. ಎಲ್ಲ ವ್ಯವಸ್ಥೆಗಳಲ್ಲೂ ಆ ಎಚ್ಚರ ಇರುವುದಿಲ್ಲ. ಸರ್ವರನ್ನು ಯುಟಿಸಿ ಸಮಯಕ್ಕೆ ಇಟ್ಟುಬಿಟ್ಟರೆ ಈ ತೊಂದರೆ ಹೋಗುತ್ತದೆ, ಇಡಲೇಬೇಕು ಕೂಡ. ಆದರೆ ಅಷ್ಟರಿಂದ ನಿಶ್ಚಿಂತರಾಗುವಂತಿಲ್ಲ. ಒಂದೇ ಕೆಲಸ ಎರಡು ಸಲ ಆಗಲು ಇನ್ನೊಂದು ಕಾರಣವಿದೆ. ಅದು ವರ್ಷಕ್ಕೊಮ್ಮೆ ಬರುವುದಲ್ಲ, ಯಾವ ದಿನ ಬೇಕಾದರೂ ಬರಬಹುದು.

ಬಾಕಿ ಕೆಲಸವನ್ನು ಎತ್ತಿಕೊಂಡ ಪ್ರೋಗ್ರಾಂ ಮಾಡುವುದು ಮೂರು ಹೆಜ್ಜೆ. ಹಣ ಪಾವತಿ ಕಂಪನಿಗೆ ‘ಈ ಕಾರ್ಡಿನಿಂದ 40 ಡಾಲರ್ ತೆಗೆದುಕೊಳ್ಳಿ’ ಎಂದು ಕೇಳುತ್ತದೆ. ‘ಆಯಿತು’ ಎಂಬ ಉತ್ತರಕ್ಕೆ ಕಾಯುತ್ತದೆ. ಉತ್ತರ ಬಂದ ಮೇಲೆ ತನ್ನ ಪಟ್ಟಿಯಲ್ಲಿ ‘ಮುಗಿಯಿತು’ ಎಂದು ಬರೆಯುತ್ತದೆ. ಹಣ ಹೋದ ಮೇಲೆ, ‘ಮುಗಿಯಿತು’ ಎಂದು ಬರೆಯುವ ಮುಂಚೆ, ಸರ್ವರ್ ನಿಂತುಹೋಯಿತೆನ್ನಿ. ಅಥವಾ ಉತ್ತರ ದಾರಿಯಲ್ಲೇ ಕಳೆದುಹೋಯಿತೆನ್ನಿ. ಪ್ರೋಗ್ರಾಂ ಮತ್ತೆ ಎದ್ದಾಗ ಪಟ್ಟಿಯಲ್ಲಿ ಕಾಣುವುದು ‘ಬಾಕಿ’ ಎಂದೇ. ಅದು ನಿಷ್ಠೆಯಿಂದ ಇನ್ನೊಮ್ಮೆ ಹಣ ಕೇಳುತ್ತದೆ. ಸರಿ, ಮೊದಲೇ ‘ಮುಗಿಯಿತು’ ಎಂದು ಬರೆದು ಆಮೇಲೆ ಹಣ ಕೇಳೋಣವೆಂದರೆ, ನಡುವೆ ಸರ್ವರ್ ನಿಂತಾಗ ಆ ಮಗುವಿನ ಶುಲ್ಕ ಎಂದೂ ಬರುವುದಿಲ್ಲ, ಬಂದಿಲ್ಲವೆಂದು ಯಾರಿಗೂ ತಿಳಿಯುವುದೂ ಇಲ್ಲ. ಒಂದು ಕ್ರಮದಲ್ಲಿ ಎರಡು ಸಲ, ಇನ್ನೊಂದು ಕ್ರಮದಲ್ಲಿ ಒಂದು ಸಲವೂ ಇಲ್ಲ. ಹೆಜ್ಜೆಗಳನ್ನು ಹೇಗೆ ಹಿಂದೆಮುಂದೆ ಮಾಡಿದರೂ ಈ ಬಿರುಕು ಮುಚ್ಚುವುದಿಲ್ಲ, ಏಕೆಂದರೆ ಹಣ ಇರುವುದು ಒಂದು ಯಂತ್ರದಲ್ಲಿ, ಪಟ್ಟಿ ಇರುವುದು ಇನ್ನೊಂದರಲ್ಲಿ.

ಆದ್ದರಿಂದ ಇಂಥ ವ್ಯವಸ್ಥೆ ಕಟ್ಟುವವರು ‘ಕಡೇಪಕ್ಷ ಒಂದು ಸಲ’ ಎಂಬ ಭರವಸೆಯನ್ನು ಆರಿಸಿಕೊಳ್ಳುತ್ತಾರೆ. ಅಮೆಜಾನ್ ಕಂಪನಿಯ ಸಾಮಾನ್ಯ ಸಂದೇಶ ಸರತಿ ಕೊಡುವುದೂ ಇದೇ ಭರವಸೆ. ಅಲ್ಲಿ ಒಂದು ಕೆಲಸವನ್ನು ಎತ್ತಿಕೊಂಡ ಪ್ರೋಗ್ರಾಂ, ಬೇರೆ ಅವಧಿ ಹೇಳದಿದ್ದರೆ, 30 ಸೆಕೆಂಡಿನೊಳಗೆ ಮುಗಿಸಿ ಅದನ್ನು ಅಳಿಸಬೇಕು. ಇಲ್ಲದಿದ್ದರೆ ಕೆಲಸ ಮತ್ತೆ ಸರತಿಯಲ್ಲಿ ಕಾಣಿಸಿಕೊಂಡು ಇನ್ನೊಬ್ಬರ ಕೈಗೆ ಹೋಗುತ್ತದೆ. ಮೊದಲ ಪ್ರೋಗ್ರಾಂ ಸತ್ತಿರಲೇಬೇಕೆಂದಿಲ್ಲ, ಬರೀ ನಿಧಾನವಾಗಿದ್ದರೂ ಸಾಕು. ಕೆಲಸ ಎರಡನೆಯ ಸಲ ಬಂದೇ ಬರುತ್ತದೆ ಎಂದು ಒಪ್ಪಿಕೊಂಡು, ಬಂದರೂ ಫಲ ಒಂದೇ ಆಗುವಂತೆ ಬರೆಯುವುದು ಉಳಿದಿರುವ ದಾರಿ. ಹಾಗೆ ಬರೆದ ಪ್ರೋಗ್ರಾಮನ್ನು ಐಡೆಂಪೊಟೆಂಟ್ ಎನ್ನುತ್ತಾರೆ. ಇಂಡೂರೂಪಿಲ್ಲಿಯ ಮೊಗಿಲ್ ರಸ್ತೆಯನ್ನು ದಾಟಲು ಕಂಬದ ಗುಂಡಿ ಒತ್ತುತ್ತೀರಲ್ಲ, ಹತ್ತು ಸಲ ಒತ್ತಿದರೂ ಹಸಿರು ದೀಪ ಹತ್ತು ಸಲ ಬರುವುದಿಲ್ಲ. ‘ಯಾರೋ ಕಾಯುತ್ತಿದ್ದಾರೆ’ ಎಂಬ ಒಂದು ಸಂಗತಿಯನ್ನಷ್ಟೇ ಅದು ನೆನಪಿಡುತ್ತದೆ.

ನಮ್ಮ ಶಾಲೆಯ ಪ್ರೋಗ್ರಾಮಿಗೆ ಈ ನೆನಪನ್ನು ಕೊಡುವುದು ಹೇಗೆ? ಪ್ರತಿ ಕೆಲಸಕ್ಕೂ ಒಂದು ಗುರುತು ಕೊಡಬೇಕು. ಇಡೀ ವಿಷಯದ ಜೀವ ಈ ಗುರುತಿನಲ್ಲಿದೆ, ತಪ್ಪುಗಳು ಹೆಚ್ಚಾಗಿ ಆಗುವುದೂ ಇಲ್ಲೇ. ಕೆಲಸ ಎತ್ತಿಕೊಂಡಾಗಲೆಲ್ಲ ಕಂಪ್ಯೂಟರಿನಿಂದ ಒಂದು ಹೊಸ ಸಂಖ್ಯೆ ಪಡೆದು ಅದನ್ನೇ ಗುರುತು ಮಾಡಿದರೆ ಪ್ರಯೋಜನವಿಲ್ಲ. ಎರಡನೆಯ ಪ್ರಯತ್ನಕ್ಕೆ ಬೇರೆ ಸಂಖ್ಯೆ ಬರುವುದರಿಂದ ಅದು ಬೇರೆ ಕೆಲಸದಂತೆಯೇ ಕಾಣುತ್ತದೆ. ಕೆಲಸ ನಡೆದ ವೇಳೆಯನ್ನು ಗುರುತು ಮಾಡಿದರೂ ಅಷ್ಟೇ. ಅಡಿಲೇಡ್‌ನ ಆ ಎರಡು ಎರಡೂವರೆಗಳು ಯುಟಿಸಿ ಲೆಕ್ಕದಲ್ಲಿ ಹಿಂದಿನ ದಿನದ 16 ಗಂಟೆ ಮತ್ತು 17 ಗಂಟೆ, ಅಂದರೆ ಎರಡು ಬೇರೆ ಬೇರೆ ಗುರುತುಗಳು. ಗುರುತು ಹುಟ್ಟಬೇಕಾದದ್ದು ನಾವು ಏನು ಮಾಡಬೇಕೆಂದಿದ್ದೇವೋ ಅದರಿಂದ, ಯಾವಾಗ ಅಥವಾ ಎಷ್ಟನೆಯ ಸಲ ಮಾಡುತ್ತಿದ್ದೇವೆ ಎಂಬುದರಿಂದಲ್ಲ.

ಹಾಗಾದರೆ ‘ಈ ಕುಟುಂಬ, ಏಪ್ರಿಲ್ 2026’ ಎಂದರೆ ಸಾಕೆ? ಸಾಲದು. ಅಕ್ಕ ತಂಗಿ ಇಬ್ಬರೂ ಶಾಲೆಯಲ್ಲಿದ್ದರೆ ಅಕ್ಕನ ಶುಲ್ಕ ಬಂದ ಮೇಲೆ ತಂಗಿಯದನ್ನು ಪ್ರೋಗ್ರಾಂ ‘ಆಗಲೇ ಆಗಿದೆ’ ಎಂದು ತಳ್ಳಿಹಾಕುತ್ತದೆ. ಈ ತಪ್ಪು ಎರಡು ಸಲ ವಸೂಲಿ ಮಾಡುವ ತಪ್ಪಿಗಿಂತ ಕೆಟ್ಟದ್ದು ಎಂದು ನನ್ನ ಅನಿಸಿಕೆ. ಎರಡು ಸಲ ಹಣ ಹೋದರೆ ಪೋಷಕರು ಫೋನ್ ಮಾಡುತ್ತಾರೆ. ಬಾರದ ಹಣದ ಬಗ್ಗೆ ಯಾರೂ ಫೋನ್ ಮಾಡುವುದಿಲ್ಲ. ಆದ್ದರಿಂದ ಮಗುವಿನ ನೋಂದಣಿ ಸಂಖ್ಯೆ, ತಿಂಗಳು, ಶುಲ್ಕದ ಬಗೆ, ಈ ಮೂರೂ ಸೇರಿ ಗುರುತಾಗಬೇಕು. ಬಗೆ ಏಕೆಂದರೆ ಅದೇ ತಿಂಗಳು ಪುಸ್ತಕದ ಹಣವೂ ಇರಬಹುದು.

ಗುರುತು ಸಿಕ್ಕಿತು. ಅದನ್ನು ನೋಡುವ ರೀತಿಯಲ್ಲೂ ಒಂದು ಹೊಂಡವಿದೆ. ‘ಈ ಗುರುತು ಆಗಲೇ ಪಟ್ಟಿಯಲ್ಲಿದೆಯೇ ನೋಡು, ಇಲ್ಲದಿದ್ದರೆ ಸೇರಿಸು’ ಎಂದು ಬರೆಯುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಒಂದೇ ಪ್ರೋಗ್ರಾಂ ನಡೆಯುತ್ತಿದ್ದರೆ ಅದು ಸರಿ. ಎರಡು ಒಟ್ಟಿಗೆ ನಡೆಯುತ್ತಿದ್ದರೆ ಎರಡೂ ಒಂದೇ ಕ್ಷಣದಲ್ಲಿ ನೋಡುತ್ತವೆ, ಎರಡಕ್ಕೂ ‘ಇಲ್ಲ’ ಎಂದು ಕಾಣುತ್ತದೆ, ಎರಡೂ ಸೇರಿಸುತ್ತವೆ. ನೋಡುವುದು ಮತ್ತು ಸೇರಿಸುವುದು ಬೇರೆ ಬೇರೆ ಆಗಿರುವವರೆಗೆ ನಡುವೆ ಇನ್ನೊಬ್ಬರು ನುಸುಳಲು ಜಾಗವಿರುತ್ತದೆ. ‘ಈ ಕಾಲಮ್ಮಿನಲ್ಲಿ ಒಂದೇ ಗುರುತು ಎರಡು ಸಲ ಇರಕೂಡದು’ ಎಂಬ ನಿಯಮವನ್ನು ಡೇಟಾಬೇಸಿಗೇ ಹೇಳಿಬಿಡಬೇಕು. ಆಗ ಇಬ್ಬರೂ ನೋಡದೆಯೇ ಸೇರಿಸಲು ಹೋಗುತ್ತಾರೆ, ಒಬ್ಬರದು ಒಳಗೆ ಹೋಗುತ್ತದೆ, ಇನ್ನೊಬ್ಬರದನ್ನು ಡೇಟಾಬೇಸ್ ತಿರಸ್ಕರಿಸುತ್ತದೆ. ತಿರಸ್ಕಾರ ಬಂದರೆ ಅದನ್ನು ದೋಷವೆಂದು ಎಣಿಸದೆ ‘ಈ ಕೆಲಸ ಆಗಲೇ ಪಟ್ಟಿಯಲ್ಲಿದೆ’ ಎಂದು ಓದಿಕೊಂಡು ಮುಂದೆ ಹೋಗಬೇಕು. ಏಪ್ರಿಲ್‌ನ ಎರಡನೆಯ ಎರಡೂವರೆಗೆ ಪಟ್ಟಿ ಮಾಡುವ ಪ್ರೋಗ್ರಾಂ ಮತ್ತೆ ಎದ್ದರೂ ಈಗ ಒಂದು ಸಾಲೂ ಹೆಚ್ಚಾಗುವುದಿಲ್ಲ.

ಇಷ್ಟರಿಂದ ನಮ್ಮ ಪಟ್ಟಿ ಸರಿಯಾಯಿತು. ಹಣದ ಯಂತ್ರ ಮಾತ್ರ ನಮ್ಮ ಡೇಟಾಬೇಸಿನ ಮಾತು ಕೇಳುವುದಿಲ್ಲ. ಅದಕ್ಕೂ ಇದೇ ಗುರುತನ್ನು ಹೇಳಬೇಕು. ಸ್ಟ್ರೈಪ್‌ನಂಥ ಪಾವತಿ ಕಂಪನಿಗಳು ಪ್ರತಿ ಕೋರಿಕೆಯ ಜೊತೆ ಇಂಥ ಗುರುತನ್ನು ಸ್ವೀಕರಿಸುತ್ತವೆ. ಅದೇ ಗುರುತು ಮತ್ತೆ ಬಂದರೆ ಹಣ ತೆಗೆಯದೆ, ಮೊದಲ ಸಲದ ಉತ್ತರವನ್ನೇ ಇನ್ನೊಮ್ಮೆ ಕೊಡುತ್ತವೆ. ಅದೇ ಗುರುತಿನೊಡನೆ 40ರ ಬದಲು 45 ಡಾಲರ್ ಕೇಳಿದರೆ ಸ್ಟ್ರೈಪ್ ಒಪ್ಪುವುದಿಲ್ಲ, ತಪ್ಪೆಂದು ಹೇಳುತ್ತದೆ. ಆದರೆ ಆ ನೆನಪಿಗೆ ಅವಧಿ ಇದೆ. ಸ್ಟ್ರೈಪ್‌ನ ಹಳೆಯ ಪದ್ಧತಿಯಲ್ಲಿ 24 ಗಂಟೆ ಕಳೆದ ಗುರುತನ್ನು ಅಳಿಸಿಹಾಕಬಹುದು. ಭಾನುವಾರ ನಸುಕಿನಲ್ಲಿ ಅರ್ಧಕ್ಕೆ ನಿಂತ ಕೆಲಸವನ್ನು ಖಜಾಂಚಿ ಮಂಗಳವಾರ ನೋಡಿ ಮತ್ತೆ ಓಡಿಸಿದರೆ ಗುರುತಿನ ರಕ್ಷಣೆ ಹೋಗಿರಬಹುದು. ತಡವಾಗಿ ಓಡಿಸುವ ಕೆಲಸಕ್ಕೆ ಮೊದಲು ‘ಈ ಮಗುವಿನ ಏಪ್ರಿಲ್ ಶುಲ್ಕ ನಿಮ್ಮಲ್ಲಿ ದಾಖಲಾಗಿದೆಯೇ’ ಎಂದು ಕಂಪನಿಯನ್ನೇ ವಿಚಾರಿಸಿ, ಇಲ್ಲವೆಂದರೆ ಮಾತ್ರ ಹಣ ಕೇಳಬೇಕು. ಹಾಗೆ ವಿಚಾರಿಸಲು ಆಗಬೇಕಾದರೆ ಮೊದಲ ಕೋರಿಕೆಯಲ್ಲೇ ಆ ವಿವರವನ್ನು ಜೊತೆಗೆ ಕಳಿಸಿರಬೇಕು.

ಶುಲ್ಕ ಬಂದ ಮೇಲೆ ಹೋಗುವ ರಸೀದಿಯ ಇ-ಮೇಲಿಗೆ ಇಷ್ಟು ಭದ್ರತೆ ಸಿಗುವುದಿಲ್ಲ. ಸಾಮಾನ್ಯವಾಗಿ ಅಂಚೆ ಸರ್ವರುಗಳು ಗುರುತು ನೋಡಿ ಎರಡನೆಯದನ್ನು ತಡೆಯುವುದಿಲ್ಲ. ಅಪರೂಪಕ್ಕೆ ಒಂದು ರಸೀದಿ ಎರಡು ಸಲ ಹೋಗುತ್ತದೆ, ಹೋಗಲಿ ಬಿಡಿ. ರಸೀದಿಯೇ ಬಾರದಿರುವುದಕ್ಕಿಂತ ಅದು ಮೇಲು. ಆದರೆ ಹಣ ಕೇಳುವುದನ್ನೂ ರಸೀದಿ ಕಳಿಸುವುದನ್ನೂ ಒಂದೇ ಬಾಕಿ ಕೆಲಸದಲ್ಲಿ ಸೇರಿಸಬಾರದು. ಸೇರಿಸಿದರೆ ಇ-ಮೇಲ್ ಕೆಟ್ಟಾಗಲೆಲ್ಲ ಹಣದ ಹೆಜ್ಜೆಯೂ ಮತ್ತೆ ನಡೆಯುತ್ತದೆ.

ಇಷ್ಟು ಮಾಡಿದವರಿಗೆ ಇನ್ನೊಂದು ಲಾಭವಿದೆ. ಅಕ್ಟೋಬರ್‌ನ ಮೊದಲ ಭಾನುವಾರ ಅಡಿಲೇಡ್‌ನ ಗಡಿಯಾರ ಎರಡರಿಂದ ನೇರ ಮೂರಕ್ಕೆ ಜಿಗಿಯುತ್ತದೆ. ಅಂದು ಎರಡೂವರೆ ಬರುವುದೇ ಇಲ್ಲ, ಅದಕ್ಕೆ ಕಾದ ಪ್ರೋಗ್ರಾಂ ಏಳದೇ ಇರಬಹುದು. ಮೊದಲಾದರೆ ಇದಕ್ಕೆ ಬೇರೆ ಪರಿಹಾರ ಹುಡುಕಬೇಕಿತ್ತು. ಈಗ ಪಟ್ಟಿ ಮಾಡುವ ಪ್ರೋಗ್ರಾಮನ್ನು ಆ ದಿನ ಗಂಟೆಗೊಮ್ಮೆ ಓಡಿಸಿದರೂ ಹೆದರಬೇಕಿಲ್ಲ. ತಪ್ಪಿಹೋದದ್ದು ಸೇರುತ್ತದೆ, ಇದ್ದದ್ದು ಇದ್ದಂತೆಯೇ ಇರುತ್ತದೆ.

ಸರಿಯಾಗಿ ಬರೆದಿದ್ದೇವೆಯೇ ಎಂದು ತಿಳಿಯಲು ಪಾವತಿ ಕಂಪನಿಗಳು ಕೊಡುವ ಪರೀಕ್ಷಾ ಖಾತೆಯಲ್ಲಿ, ನಿಜವಾದ ಹಣವಿಲ್ಲದೆ, ಮೂರು ಬಗೆಯಲ್ಲಿ ಓಡಿಸಿ ನೋಡಬೇಕು. ಒಮ್ಮೆ ಪೂರ್ತಿ ಮುಗಿಸಿ ಮತ್ತೆ ಮೊದಲಿನಿಂದ. ಒಮ್ಮೆ ಎರಡು ಪ್ರತಿಗಳನ್ನು ಒಟ್ಟಿಗೆ. ಮತ್ತೊಮ್ಮೆ, ಹಣ ಹೋದ ಕೂಡಲೇ ‘ಮುಗಿಯಿತು’ ಎಂದು ಬರೆಯಲು ಬಿಡದೆ ಪ್ರೋಗ್ರಾಮನ್ನು ಬೇಕೆಂದೇ ನಿಲ್ಲಿಸಿ, ಆಮೇಲೆ ಎಬ್ಬಿಸಿ. ಪ್ರತಿ ಸಲವೂ ನೋಡಬೇಕಾದದ್ದು ಕಂಪನಿಯ ಖಾತೆಯಲ್ಲಿರುವ ವಸೂಲಿಗಳ ಸಂಖ್ಯೆಯನ್ನು. ನಮ್ಮ ಪಟ್ಟಿಯನ್ನು ಮಾತ್ರ ನೋಡಿದರೆ ಮೂರೂ ಸಲ ಎಲ್ಲ ಸರಿಯಾಗಿರುವಂತೆಯೇ ಕಾಣಬಹುದು.