10 ಮೀಟರ್, 6 ಸೆಕೆಂಡ್: ಗೋಡೌನಿನ ಒಂದು ಮೂಲೆಯ ಲೆಕ್ಕ

ಇವತ್ತು ನಾನು ಮಾತಾಡೋದು ಒಂದು ಮೂಲೆಯ ಬಗ್ಗೆ. ಬಿಕಾಂ ಮುಗಿಸಿದ ಮೇಲೆ ಹುಣಸೂರಿನ ಹತ್ತಿರದ ಒಂದು ಖಾಸಗಿ ಗೋಡೌನಿನಲ್ಲಿ ಎರಡು ಸೀಸನ್ ಸ್ಟಾಕ್ ಬರೆಯೋ ಕೆಲಸ ಮಾಡಿದ್ದೆ. ಆ ಮೂಲೆ ಅಲ್ಲಿದ್ದದ್ದು.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಅಂದ್ರೆ ಹೊಗೆಸೊಪ್ಪಿನ ಸೀಮೆ. ಕರ್ನಾಟಕದಲ್ಲಿ 1984ರಿಂದ ತಂಬಾಕು ಮಂಡಳಿಯ ಹರಾಜು ನಡೀತಿದೆ. ಹರಾಜಾದ ಬೇಲ್‌ಗಳು ಲಾರಿ ಹತ್ತಿ ಗೋಡೌನಿಗೆ ಬರ್ತವೆ. ಸೀಸನ್ ಜೋರಾದಾಗ ಒಳಗೆ ಬೇಲ್‌ಗಳ ಗೋಡೆಯೇ ಎದ್ದಿರುತ್ತೆ. ಆ ಗೋಡೆಗಳ ಮಧ್ಯದ ದಾರಿಯಲ್ಲಿ ಫೋರ್ಕ್‌ಲಿಫ್ಟೂ ಓಡಾಡುತ್ತೆ, ಜನರೂ ಓಡಾಡ್ತಾರೆ. ಕೆ.ಆರ್. ನಗರದ ಕಡೆ ಅಕ್ಕಿ ಮೂಟೆಯ ಗೋಡೌನ್ ನೋಡಿದವರಿಗೂ ಈ ಚಿತ್ರ ಗೊತ್ತಿರುತ್ತೆ.

ಒಂದು ಸಂಜೆ ಸೊಪ್ಪು ಗ್ರೇಡಿಂಗ್ ಮಾಡೋ ಅಕ್ಕ ಒಬ್ಬರು ಬಾಟಲಿಗೆ ನೀರು ತುಂಬಿಸ್ಕೊಂಡು ಬೇಲ್ ಸಾಲಿನ ಮೂಲೆ ತಿರುಗಿದ್ರು. ಎದುರಿಗೆ ಫೋರ್ಕ್‌ಲಿಫ್ಟ್. ಅವರು ಹಿಂದಕ್ಕೆ ಜಿಗಿದ್ರು, ಬಾಟಲಿ ಚಕ್ರದಡಿ ಹೋಯ್ತು. ಡ್ರೈವರ್ ಅಣ್ಣ ನಡುಗ್ತಾ ಇಳಿದು, "ಹಾರನ್ ಹೊಡ್ದೆ ಕಣಕ್ಕಾ" ಅಂದ್ರು. ಅದಕ್ಕೆ ಅಕ್ಕ, "ಎಲ್ಲಾ ಕಡೆಯಿಂದ್ಲೂ ಹಾರನ್ನೇ ಕೇಳ್ತದಲ್ಲಪ್ಪಾ, ಯಾವುದು ನನಗೆ ಅಂತ ಹೆಂಗ್ ತಿಳ್ಕಳ್ಳದು?" ಅಂದ್ರು.

ಇಬ್ಬರೂ ಸುಳ್ಳು ಹೇಳ್ತಿರಲಿಲ್ಲ. ಹಾಗಾದ್ರೆ ತಪ್ಪು ಎಲ್ಲಿ? ಮಾರನೇ ದಿನ ಬೆಳಿಗ್ಗೆ, ಕೆಲಸ ಶುರುವಾಗೋಕೆ ಮೊದಲು, ನಾನು ಮತ್ತು ಆ ಡ್ರೈವರ್ ಟೇಪು ಹಿಡಿದು ಅಳೆದ್ವಿ. ಗಾಡಿಯನ್ನ ಮೂಲೆಯ ಹತ್ತಿರ ನಿಲ್ಲಿಸಿ ಅವರು ಸೀಟಿನಲ್ಲಿ ಕೂತ್ರು. ನಾನು ಸಾಲಿನ ಹಿಂದಿನಿಂದ ನಡೆದು ಬಂದೆ. ಅವರಿಗೆ ನಾನು ಮೊದಲು ಕಂಡಾಗ, ಗಾಡಿಯ ಮುಂದಿದ್ದ ಬೇಲ್‌ಗೂ ನನಗೂ ಇದ್ದ ಅಂತರ 4 ಮೀಟರ್.

ಈಗ ಲೆಕ್ಕ ನೋಡಿ. ಗಾಡಿ ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿದ್ರೆ ಒಂದು ಸೆಕೆಂಡಿಗೆ 3.3 ಮೀಟರ್ ಹೋಗುತ್ತೆ. ಮನುಷ್ಯ ಕಂಡು ಕಾಲು ಬ್ರೇಕಿಗೆ ಹೋಗೋಕೆ ಒಂದೂವರೆ ಸೆಕೆಂಡ್ ಹಿಡಿಯಿರಿ. ಅಷ್ಟರಲ್ಲೇ 5 ಮೀಟರ್ ಮುಗೀತು. ಬ್ರೇಕ್ ಒತ್ತಿದ ಮೇಲೆ ಇನ್ನೂ ಸುಮಾರು 3 ಮೀಟರ್ ಹೋಗುತ್ತೆ. ಇನ್ನೂ ಜೋರಾಗಿ ಒತ್ತಬಹುದಲ್ವಾ ಅಂತೀರಾ? ಹೊರೆ ಎತ್ತಿಕೊಂಡಿರೋ ಗಾಡಿಯಲ್ಲಿ ಹಾಗೆ ಒತ್ತಿದ್ರೆ ಬೇಲ್ ಮುಂದಕ್ಕೆ ಬೀಳಬಹುದು, ಗಾಡಿಯೇ ಮುಗ್ಗರಿಸಬಹುದು. ಒಟ್ಟು 8 ಮೀಟರ್ ಬೇಕು, ಕಾಣಿಸ್ತಿರೋದು 4. ಅಂದ್ರೆ ಆ ವೇಗದಲ್ಲಿ ಡ್ರೈವರ್ ಎಷ್ಟೇ ಜಾಣನಾಗಿದ್ರೂ ನಿಲ್ಲಿಸೋಕೆ ಆಗ್ತಿರಲಿಲ್ಲ.

ವೇಗ 6ಕ್ಕೆ ಇಳಿಸಿದ್ರೆ? ಯೋಚಿಸೋ ಹೊತ್ತಿಗೆ ಎರಡೂವರೆ ಮೀಟರ್, ಬ್ರೇಕಿಗೆ ಒಂದು ಮೀಟರಿಗೂ ಕಡಿಮೆ. ಒಟ್ಟು ಸುಮಾರು 3.2 ಮೀಟರ್. ಗಾಡಿ ನಿಲ್ಲುತ್ತೆ. ಆದ್ರೆ ಎದುರಿನವರೂ ನಡೀತಾ ಇರ್ತಾರಲ್ಲ, ಅವರೂ ಎರಡು ಹೆಜ್ಜೆ ಹತ್ತಿರ ಬಂದಿರ್ತಾರೆ. ಅದಕ್ಕೆ ನೇರ ದಾರಿಗೆ 6 ಕಿಲೋಮೀಟರ್ ಅಂತ ಇಟ್ಟು, ಮೂಲೆಯಲ್ಲಿ ಪೂರ್ತಿ ನಿಲ್ಲಿಸಿ, ಹಾರನ್ ಹೊಡೆದು, ಆಮೇಲೆ ತಿರುಗಬೇಕು ಅಂತ ಮಾಡಿದ್ವಿ. ಮೂಲೆಯ ಬೇಲ್‌ಗಳನ್ನ ಎದೆಮಟ್ಟಕ್ಕಿಂತ ಮೇಲೆ ಪೇರಿಸೋದನ್ನೂ ನಿಲ್ಲಿಸಿದ್ವಿ. ಸೀಟಿನಿಂದ ಆಚೆ ಬದಿಯವರ ತಲೆ ಕಾಣೋ ಹಾಗಾಯ್ತು. ಕನ್ನಡಿ ಹಾಕೋದಕ್ಕಿಂತ ಇದು ನಮಗೆ ಹೆಚ್ಚು ಉಪಯೋಗಕ್ಕೆ ಬಂತು, ಯಾಕಂದ್ರೆ ಕನ್ನಡಿ ಮೇಲೆ ಒಂದೇ ವಾರಕ್ಕೆ ಸೊಪ್ಪಿನ ಧೂಳು ಕೂತಿರುತ್ತೆ.

ಹೊರೆ ಎದುರಿನ ನೋಟವನ್ನೇ ಮುಚ್ಚಿದ್ರೆ ಇನ್ನೊಂದು ನಿಯಮ ಇದೆ: ಹಿಮ್ಮುಖವಾಗಿ, ಹೋಗ್ತಿರೋ ದಿಕ್ಕನ್ನ ತಿರುಗಿ ನೋಡ್ಕೊಂಡು ಹೋಗಬೇಕು. ಅಮೆರಿಕದ ಕೆಲಸದ ಸುರಕ್ಷತೆಯ ಕಾನೂನಿನಲ್ಲೂ ಹೀಗೇ ಇದೆ. ಅಲ್ಲಿ ಫೋರ್ಕ್‌ಲಿಫ್ಟಿಗೆ ಇಂತಿಷ್ಟೇ ಕಿಲೋಮೀಟರ್ ಅಂತ ವೇಗ ಬರೆದಿಲ್ಲ. ಸುರಕ್ಷಿತವಾಗಿ ನಿಲ್ಲಿಸೋಕಾಗುವಷ್ಟು ಅಂತಿದೆ. ಆ "ಅಷ್ಟು" ಎಷ್ಟು ಅನ್ನೋದನ್ನ ನಮ್ಮ ನಮ್ಮ ಮೂಲೆಯಲ್ಲಿ ನಾವೇ ಅಳೀಬೇಕು.

ಸರಿ, ವೇಗ ಆಯ್ತು. ಆದ್ರೆ ಆ ಅಕ್ಕ ಗಾಡಿ ದಾರಿಗೆ ಬಂದದ್ದಾದ್ರೂ ಯಾಕೆ? ಗೋಡೆ ಪಕ್ಕ ಹಳದಿ ಗೆರೆ ಎಳೆದು ನಡೆಯೋರಿಗೆ ಅಂತ ದಾರಿ ಬಿಟ್ಟಿದ್ರು. ನಾನು ಒಂದು ಗಂಟೆ ಕೂತು ಯಾರು ಎಲ್ಲಿ ನಡೀತಾರೆ ಅಂತ ಗೀಟು ಹಾಕ್ತಾ ಎಣಿಸಿದೆ. ಹಳದಿ ದಾರಿಯಲ್ಲಿ ಹೋದವರು ಮೂವರು. ಗಾಡಿ ದಾರಿಯಲ್ಲಿ ಹೋದವರು ಇಪ್ಪತ್ತಾರು ಜನ. ಕಾರಣ ಕಣ್ಣೆದುರೇ ಇತ್ತು. ನೀರಿನ ಡ್ರಮ್ಮು ಗಾಡಿ ದಾರಿಯ ಆಚೆ ಬದಿಗಿತ್ತು. ಹಳದಿ ದಾರಿಯ ಮೇಲೆ ಬೇಲ್ ಇಳಿಸಿಬಿಟ್ಟಿದ್ರು. ಒಳಗೆ ಬರೋಕೆ ಇದ್ದದ್ದು ಒಂದೇ ದೊಡ್ಡ ಬಾಗಿಲು, ಗಾಡಿಗೂ ಜನಕ್ಕೂ ಅದೇ.

ಡ್ರಮ್ಮನ್ನ ಗ್ರೇಡಿಂಗ್ ಜಾಗದ ಬದಿಗೇ ತಂದ್ವಿ. ಬೀಗ ಹಾಕಿದ್ದ ಪಕ್ಕದ ಸಣ್ಣ ಬಾಗಿಲನ್ನ ಜನಕ್ಕೆ ತೆಗೆಸಿದ್ವಿ. ಹಳದಿ ಗೆರೆಯ ಉದ್ದಕ್ಕೂ ಕಬ್ಬಿಣದ ಕಂಬಿ ನೆಡಿಸಿದ್ವಿ. ಬಣ್ಣದ ಮೇಲೆ ಬೇಲ್ ಇಡಬಹುದು, ಕಂಬಿ ಇದ್ರೆ ಗಾಡಿ ಅಲ್ಲಿಗೆ ಹೋಗೋದೇ ಇಲ್ಲ. ದಾಟಲೇಬೇಕಾದ ಒಂದು ಜಾಗದಲ್ಲಿ ಸರಪಳಿ ಹಾಕಿದ್ವಿ. ಅದನ್ನ ಬಿಚ್ಚೋಕೆ ನಿಂತಾಗ ಆಚೀಚೆ ನೋಡಲೇಬೇಕಾಗುತ್ತೆ. ಲಾರಿ ಡ್ರೈವರ್, ಕ್ಲೀನರ್ ಇಬ್ಬರಿಗೂ ಹೊರಗೆ ಬೆಂಚು. ಲೋಡಿಂಗ್ ಮುಗಿಯೋವರೆಗೂ ಲಾರಿ ಕೀ ನನ್ನ ಟೇಬಲ್ ಮೇಲೆ.

ಒಂದು ವಾರ ಎಲ್ಲಾ ಚೆನ್ನಾಗಿತ್ತು. ಎರಡನೇ ವಾರ ಗಾಡಿ ಮತ್ತೆ ಜೋರಾಯ್ತು. ಬೋರ್ಡ್ ಇದೆ, ಕಂಬಿ ಇದೆ, ಆದ್ರೂ ಜೋರು. ಇದಕ್ಕೆ ಕಾರಣ ನನ್ನ ಕಂಪ್ಯೂಟರಿನಲ್ಲೇ ಇತ್ತು. ಡ್ರೈವರ್‌ಗಳಿಗೆ ಟ್ರಿಪ್ ಲೆಕ್ಕದಲ್ಲಿ ಹೆಚ್ಚುವರಿ ದುಡ್ಡು ಬರ್ತಿತ್ತು, ಆ ಶೀಟು ಬರೀತಿದ್ದವನು ನಾನೇ. ಗೋಡೆ ಮೇಲೆ 6 ಅಂತ ಬರೆದು, ಶೀಟಿನಲ್ಲಿ ಓಡು ಅಂತ ಬರೆದ ಹಾಗೆ.

ಮಾಲೀಕರ ಮುಂದೆ ಲೆಕ್ಕ ಇಟ್ಟೆ. ದಾರಿ 40 ಮೀಟರ್. 12ರ ವೇಗದಲ್ಲಿ 12 ಸೆಕೆಂಡ್, 6ರಲ್ಲಿ 24. ಹೋಗಿ ಬರೋಕೆ 24 ಸೆಕೆಂಡ್ ಹೆಚ್ಚು. ದಿನಕ್ಕೆ 60 ಟ್ರಿಪ್ ಅಂದ್ರೆ 24 ನಿಮಿಷ. ನಷ್ಟ ಇಲ್ಲ ಅಂತ ನಾನು ಹೇಳಲಿಲ್ಲ, ನಷ್ಟ ಇಷ್ಟೇ ಅಂತ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಟ್ರಿಪ್ ದುಡ್ಡು ತೆಗೆದು ಅಷ್ಟೇ ಮೊತ್ತವನ್ನ ದಿನದ ಕೂಲಿಗೆ ಸೇರಿಸಿದ್ರು. ವೇಗ ಇಳಿದದ್ದು ಆವಾಗಲೇ.

ಇದನ್ನ ಕೇಳ್ತಿರೋರಲ್ಲಿ ಯಾರಾದ್ರೂ ಗೋಡೌನಿನಲ್ಲಿ ಕೆಲಸ ಮಾಡ್ತಿದ್ರೆ, ನೆಲದ ಮೇಲೆ 10 ಮೀಟರ್ ಅಂತರಕ್ಕೆ ಚಾಕ್‌ಪೀಸಿನಲ್ಲಿ ಎರಡು ಗೀಟು ಎಳೆಯಿರಿ. ಫೋನಿನ ಸ್ಟಾಪ್‌ವಾಚ್ ಒತ್ತಿ ನೋಡಿ. ಗಾಡಿ ಆ ಗೀಟುಗಳ ಮಧ್ಯೆ 6 ಸೆಕೆಂಡ್ ತಗೊಂಡ್ರೆ ವೇಗ ಗಂಟೆಗೆ 6 ಕಿಲೋಮೀಟರ್. 3 ಸೆಕೆಂಡಿನಲ್ಲೇ ದಾಟಿದ್ರೆ 12. ಡ್ರೈವರ್‌ನ ಬೈಯೋಕೆ ಮುಂಚೆ ಅವನಿಗೆ ದುಡ್ಡು ಯಾವ ಲೆಕ್ಕದಲ್ಲಿ ಕೊಡ್ತಿದ್ದಾರೆ ಅಂತ ಕೇಳಿ.

ಆ ಅಕ್ಕ ಮುಂದಿನ ಸೀಸನ್ನಿಗೂ ಬಂದಿದ್ರು, ಹೊಸ ಬಾಟಲಿ ಹಿಡ್ಕೊಂಡು, ಸಣ್ಣ ಬಾಗಿಲಿನಿಂದ. ಮುಂದಿನ ವಾರ ಸಿಗೋಣ.