ಕರೆಂಟ್ ಹೋದಾಗ ಹಾಲಿನ ಲೆಕ್ಕ ಎಲ್ಲಿಗೆ ಹೋಗ್ತದೆ?

ನಾನು ಮಣಿಪಾಲದಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುವವ. ಊರು ಪೆರ್ಡೂರು. ತುಳುವಿನಲ್ಲಿ ಪೇರ್ ಅಂದ್ರೆ ಹಾಲು, ಹಾಗಾಗಿ ಪೆರ್ಡೂರಿನವ ಹಾಲಿನ ಕಥೆಯನ್ನೇ ತಂದ ಅಂತ ನಗಬೇಡಿ. ಇವತ್ತಿನ ವಿಷಯ ಯೂಸರ್ ಆಕ್ಸೆಪ್ಟೆನ್ಸ್ ಟೆಸ್ಟ್, ಅಂದ್ರೆ ಯುಎಟಿ. ಸಾಫ್ಟ್‌ವೇರ್ ತಯಾರಾದ ಮೇಲೆ ಅದನ್ನು ದಿನಾ ಬಳಸುವವರೇ ಕೂತು ಪರೀಕ್ಷೆ ಮಾಡಿ, "ಆಯ್ತು, ಇದು ನಮ್ಮ ಕೆಲಸಕ್ಕೆ ಆಗ್ತದೆ" ಅಂತ ಒಪ್ಪಿಕೊಳ್ಳುವ ಹಂತ ಅದು. ಆ ಪರೀಕ್ಷೆಗೆ ಬರೆಯುವ ಸನ್ನಿವೇಶಗಳಲ್ಲಿ ಎಲ್ಲವೂ ಸರಿ ನಡೆಯುವ ದಿನ ಮಾತ್ರ ಇದ್ದರೆ ಏನಾಗ್ತದೆ ಅನ್ನುವುದನ್ನು ನಾನು ಕಲಿತದ್ದು ಕಂಪನಿಯಲ್ಲಿ ಅಲ್ಲ. ನಮ್ಮೂರಿನ ಹತ್ತಿರದ ಒಂದು ಹಾಲಿನ ಸೊಸೈಟಿಯಲ್ಲಿ.

ಆ ಸೊಸೈಟಿಗೆ ಹೊಸ ಸಾಫ್ಟ್‌ವೇರ್ ಬಂದಿತ್ತು. ಕಾರ್ಯದರ್ಶಿ ನಮ್ಮ ಅಮ್ಮನ ಪರಿಚಯದವರು, ನಾನು ಅಕ್ಕ ಅಂತಲೇ ಕರೆಯುವುದು. "ನೀನು ಅದೇ ಕೆಲಸ ಮಾಡುವವ ಅಲ್ವಾ, ಒಮ್ಮೆ ಬಂದು ನೋಡು ಮಾರಾಯ" ಅಂದರು. ಮಾರಾಟ ಮಾಡಿದ ಕಂಪನಿಯವರು ಪರೀಕ್ಷೆಗೆ ಅಂತ ಒಂದು ಹಾಳೆ ಕೊಟ್ಟಿದ್ದರು, ಅದರಲ್ಲಿ 12 ಸನ್ನಿವೇಶ. ಸದಸ್ಯರು ಕ್ಯಾನ್ ತರ್ತಾರೆ, ನಂಬರ್ ಒತ್ತಬೇಕು, ಸ್ವಲ್ಪ ಹಾಲು ತೆಗೆದು ಮೆಷಿನ್‌ಗೆ ಇಟ್ಟರೆ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಅಂತ ತೋರಿಸ್ತದೆ. ಎಸ್‌ಎನ್‌ಎಫ್ ಅಂದ್ರೆ ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನ ಪದಾರ್ಥ. ಅದಾದ ಮೇಲೆ ತೂಕ, ದರ, ಚೀಟಿ. ಹನ್ನೆರಡೂ ಪಾಸ್. ಎಲ್ಲರೂ ಸಹಿ ಹಾಕಿ, ಚಾ ಕುಡಿದು ಹೋದರು.

ಆಮೇಲೆ ಮಳೆಗಾಲ ಬಂತು. ನಮ್ಮ ಕಡೆ ಜೂನ್ ಅಂದ್ರೆ ಕರೆಂಟ್ ಯಾವಾಗ ಬರ್ತದೆ, ಯಾವಾಗ ಹೋಗ್ತದೆ ಅಂತ ಹೇಳುವ ಹಾಗಿಲ್ಲ. ಒಂದು ವಾರ ಕಳೆಯುವಾಗ ಅಕ್ಕನ ಫೋನ್. "ಚೀಟಿಯ ಲೆಕ್ಕ ಜಾಸ್ತಿ ಉಂಟು, ಕ್ಯಾನಿನಲ್ಲಿ ಹಾಲು ಕಡಿಮೆ ಉಂಟು. ನಾನೇ ಕದ್ದೆ ಅಂತ ಹೇಳ್ತಾರೋ ಏನೋ."

ಏನಾಗಿತ್ತು ಅಂತ ಒಂದು ಲೆಕ್ಕ ಇಟ್ಟು ನೋಡುವ. ಸದಸ್ಯರ ನಂಬರ್ 47. ಹಾಲು 6.2 ಲೀಟರ್. ಆ ದಿನದ ಗುಣಮಟ್ಟಕ್ಕೆ ದರ 38 ರೂಪಾಯಿ ಅಂತ ಇಟ್ಟುಕೊಳ್ಳಿ, ಒಟ್ಟು 235 ರೂಪಾಯಿ 60 ಪೈಸೆ. ಚೀಟಿ ಅರ್ಧ ಬರುವಾಗ ಕರೆಂಟ್ ಹೋಯಿತು. ಬಂದ ಮೇಲೆ ಅಕ್ಕ ಏನು ಮಾಡ್ತಾರೆ? ಸದಸ್ಯರು ಎದುರು ನಿಂತಿದ್ದಾರೆ, ಕೈಯಲ್ಲಿ ಚೀಟಿ ಇಲ್ಲ, ಹಿಂದೆ ಹತ್ತು ಜನ ಮಳೆಗೆ ಕಾಯ್ತಿದ್ದಾರೆ. ಅವರು ಮತ್ತೆ 47 ಒತ್ತುತ್ತಾರೆ, ಮತ್ತೆ 6.2 ಹಾಕ್ತಾರೆ, ಚೀಟಿ ಬರ್ತದೆ. ಆದರೆ ಕರೆಂಟ್ ಹೋಗುವ ಮೊದಲೇ ಮೊದಲನೇ ಲೆಕ್ಕ ಸೇವ್ ಆಗಿತ್ತು. ಈಗ ಕಂಪ್ಯೂಟರಿನಲ್ಲಿ 12.4 ಲೀಟರ್, ಕ್ಯಾನಿನಲ್ಲಿ 6.2.

ಇಲ್ಲಿ ಒಂದು ವಿಷಯ ನೋಡಿ. ನಾವು "ಕರೆಂಟ್ ಹೋದಾಗ ಪರೀಕ್ಷಿಸಿ" ಅಂತ ಒಂದೇ ಸಾಲು ಬರೆದರೆ ಅದು ಪರೀಕ್ಷೆಯೇ ಅಲ್ಲ. ಕರೆಂಟ್ ಯಾವ ಹೊತ್ತಿಗೆ ಹೋಯಿತು ಅನ್ನುವುದರ ಮೇಲೆ ಉತ್ತರ ಬದಲಾಗ್ತದೆ. ತೂಕ ಆಗಿದೆ, ಸೇವ್ ಆಗಿಲ್ಲ ಅಂದ್ರೆ ಮತ್ತೆ ಹಾಕಲೇಬೇಕು, ಇಲ್ಲದಿದ್ದರೆ ಸದಸ್ಯರಿಗೆ ನಷ್ಟ. ಸೇವ್ ಆಗಿದೆ, ಚೀಟಿ ಬಂದಿಲ್ಲ ಅಂದ್ರೆ ಮತ್ತೆ ಹಾಕಲೇಬಾರದು, ಹಾಕಿದರೆ ಸೊಸೈಟಿಗೆ ನಷ್ಟ. ಕೌಂಟರಿನಲ್ಲಿ ಕೂತವರಿಗೆ ಎರಡೂ ಒಂದೇ ಥರ ಕಾಣ್ತದೆ. ಕಪ್ಪು ಸ್ಕ್ರೀನ್, ಅಷ್ಟೇ.

ನಾನು ದೊಡ್ಡ ಬುದ್ಧಿವಂತನ ಹಾಗೆ ಹೇಳಿದೆ, "ಅಕ್ಕ, ಸುಲಭ ಉಂಟು. ಒಂದೇ ಪಾಳಿಯಲ್ಲಿ ಒಂದೇ ನಂಬರ್ ಎರಡು ಸಲ ಬಂದರೆ ತಗೊಳ್ಳಬೇಡ ಅಂತ ಮಾಡಿಸುವ." ಅಕ್ಕ ನಕ್ಕರು. "ಹಾಗೆ ಮಾಡಿದರೆ ನಾಳೆ ಬೆಳಿಗ್ಗೆ ಗಲಾಟೆ ಆಗ್ತದೆ. ಆ ಮನೆಯವರದ್ದು ಮೊದಲು ಗಂಡ ಒಂದು ಕ್ಯಾನ್ ತರ್ತಾರೆ. ಹಸು ಕರೆದು ಮುಗಿದ ಮೇಲೆ ಮಗ ಇನ್ನೊಂದು ತರ್ತಾನೆ. ನಂಬರ್ ಒಂದೇ." ನನ್ನ ಪರಿಹಾರವೇ ಇನ್ನೊಂದು ತಪ್ಪು. ಟೆಸ್ಟರ್‌ಗಳಿಗೆ ಇದು ಆಗಾಗ ಆಗುವ ಪೆಟ್ಟು. ಒಂದು ಅಪರೂಪದ ಸಂದರ್ಭ ಮುಚ್ಚಲು ಹೋಗಿ, ಗೊತ್ತೇ ಇಲ್ಲದ ಇನ್ನೊಂದು ಸಂದರ್ಭದ ಬಾಗಿಲು ಹಾಕಿಬಿಡುವುದು.

ಕೊನೆಗೆ ನಾವಿಬ್ಬರು ಕೂತು ಬರೆದ ಸನ್ನಿವೇಶ ಹೀಗಿತ್ತು, ಓದಿ ಹೇಳ್ತೇನೆ. "ಬೆಳಗಿನ ಪಾಳಿ. ಸದಸ್ಯ 47ರ 6.2 ಲೀಟರ್ ಸೇವ್ ಆಗಿದೆ. ಚೀಟಿ ಅರ್ಧ ಬಂದಾಗ ಮೇನ್ ಸ್ವಿಚ್ ಆಫ್ ಮಾಡಬೇಕು. ಎರಡು ನಿಮಿಷ ಬಿಟ್ಟು ಆನ್ ಮಾಡಬೇಕು. ಮತ್ತೆ 47 ಒತ್ತಬೇಕು. ಆಗ ಮೊದಲಿನ ಲೆಕ್ಕ ಅದರ ಸಮಯದ ಜೊತೆ ಕಾಣಿಸಬೇಕು, ಅದೇ ಹಾಲಾ, ಬೇರೆ ಕ್ಯಾನಾ ಅಂತ ಕೇಳಬೇಕು. ಅದೇ ಹಾಲು ಅಂದರೆ ನಕಲು ಅಂತ ಗುರುತು ಇರುವ ಚೀಟಿ ಬರಬೇಕು, ಲೀಟರ್ ಹೆಚ್ಚಾಗಬಾರದು. ಬೇರೆ ಕ್ಯಾನ್ ಅಂದರೆ ಹೊಸ ಲೆಕ್ಕ ಸೇರಬೇಕು." ಇದರ ಜೊತೆಗೆ, ಸೇವ್ ಆಗುವ ಮೊದಲೇ ಕರೆಂಟ್ ಹೋದ ಸನ್ನಿವೇಶ ಬೇರೆ ಬರೆದೆವು. ಮಗ ಎರಡನೇ ಕ್ಯಾನ್ ತರುವ ಸನ್ನಿವೇಶವನ್ನೂ, ಕರೆಂಟ್ ಇರುವಾಗಲೇ ಮಾಡುವ ಹಾಗೆ, ಬೇರೆ ಬರೆದೆವು.

ಇಲ್ಲಿ ಸ್ವಿಚ್ ನಿಜವಾಗಿ ಆಫ್ ಮಾಡಬೇಕು. ಮೌಸ್‌ನಲ್ಲಿ ಪ್ರೋಗ್ರಾಂ ಕ್ಲೋಸ್ ಮಾಡಿದರೆ ಅದು ಎಲ್ಲ ಸೇವ್ ಮಾಡಿಕೊಂಡು ಮರ್ಯಾದೆಯಿಂದ ಮುಚ್ಚಿಕೊಳ್ಳಬಹುದು. ಕರೆಂಟ್ ಹಾಗೆ ಹೇಳಿ ಹೋಗುವುದಿಲ್ಲ. ಯುಪಿಎಸ್ ಇದ್ದರೆ ಇನ್ನೊಂದು ವೇಷ. ಕಂಪ್ಯೂಟರ್ ಬದುಕಿರ್ತದೆ, ಯುಪಿಎಸ್‌ಗೆ ಸಿಗಿಸದ ಪ್ರಿಂಟರ್ ಮಾತ್ರ ಸಾಯ್ತದೆ.

ಮತ್ತೆ, ಪಾಸ್ ಅಂತ ಬರೆಯುವುದು ಯಾವಾಗ? ಸ್ಕ್ರೀನಿನಲ್ಲಿ ಸರಿ ಕಂಡ ಕೂಡಲೇ ಅಲ್ಲ. ನಾವು ಮೂರು ಜಾಗ ನೋಡಿದೆವು. ಸದಸ್ಯರ ಕೈಯ ಚೀಟಿ, ಪಾಳಿ ಮುಗಿದ ಮೇಲಿನ ಒಟ್ಟು ಲೀಟರ್, ಆಮೇಲೆ ಹಣ ಪಾವತಿಯ ಬಿಲ್. ಒಮ್ಮೆ ಚೀಟಿಯೂ ಒಟ್ಟು ಲೀಟರೂ ಸರಿ ಇತ್ತು, ಬಿಲ್ಲಿನಲ್ಲಿ ಮಾತ್ರ ನಕಲು ಚೀಟಿಯ ಹಣವೂ ಸೇರಿಕೊಂಡಿತ್ತು. ಬಿಲ್ ತನಕ ಹೋಗದಿದ್ದರೆ ಅದು ಸಿಗುತ್ತಿರಲಿಲ್ಲ. ಸೊಸೈಟಿಯಲ್ಲಿ ಇನ್ನೊಂದು ಹಳೇ ತಪಾಸಣೆ ಇದ್ದೇ ಇದೆ. ಚೀಟಿಗಳ ಒಟ್ಟು ಲೀಟರಿನಿಂದ ಊರಲ್ಲೇ ಮಾರಿದ ಹಾಲು ಕಳೆದರೆ, ಹಾಲು ತಗೊಂಡು ಹೋಗುವ ಗಾಡಿಯವರ ಲೆಕ್ಕಕ್ಕೆ ಹೆಚ್ಚುಕಮ್ಮಿ ಹೊಂದಬೇಕು. ಪರೀಕ್ಷೆಗೆ ತೆಗೆದ ಹಾಲು, ಕ್ಯಾನಿಗೆ ಅಂಟಿದ ಹಾಲು ಅಂತ ಸ್ವಲ್ಪ ವ್ಯತ್ಯಾಸ ದಿನಾ ಇರ್ತದೆ. ಆದರೆ ವ್ಯತ್ಯಾಸ ಸರಿಯಾಗಿ ಒಬ್ಬ ಸದಸ್ಯರ ಲೀಟರಿನಷ್ಟೇ ಇದ್ದರೆ, ಅದು ಚೆಲ್ಲಿದ ಹಾಲಲ್ಲ, ಎರಡು ಸಲ ಒತ್ತಿದ ನಂಬರ್ ಅಂತ ಸಂಶಯ ಪಡಬಹುದು.

ಇದು ಸಣ್ಣ ಊರಿನ ಸಣ್ಣ ಲೆಕ್ಕ ಅಂತ ಅನ್ನಿಸಿದರೆ ಸ್ಕಾಟ್ಲೆಂಡಿನ ಡಾಲ್ಮೆಲಿಂಗ್ಟನ್ ಅನ್ನುವ ಊರಿಗೆ ಒಮ್ಮೆ ಹೋಗಿ ಬರುವ. ಬ್ರಿಟನ್ನಿನ ಪೋಸ್ಟ್ ಆಫೀಸ್‌ಗಳಲ್ಲಿ ಹೊರೈಜನ್ ಅನ್ನುವ ಸಾಫ್ಟ್‌ವೇರ್ 1999ರಿಂದ ಬಳಕೆಗೆ ಬಂತು. 2015ರಲ್ಲಿ ಆ ಊರಿನ ಪೋಸ್ಟ್‌ಮಿಸ್ಟ್ರೆಸ್ ಒಬ್ಬರು 8,000 ಪೌಂಡ್ ಬಂದದ್ದನ್ನು ಕಂಪ್ಯೂಟರಿನಲ್ಲಿ ದಾಖಲಿಸುವಾಗ ಸ್ಕ್ರೀನ್ ನಿಂತುಬಿಟ್ಟಿತು. ಅವರು ಎಂಟರ್ ಒತ್ತಿದರು, ಮತ್ತೆ ಒತ್ತಿದರು. ನಾವೂ ಅದನ್ನೇ ಮಾಡ್ತೇವೆ ಅಲ್ವಾ? ಸ್ಕ್ರೀನ್ ಸುಮ್ಮನಿತ್ತು, ಒಳಗೆ ಲೆಕ್ಕ ನಾಲ್ಕು ಸಲ ಸೇರಿತು. 32,000 ಪೌಂಡ್ ಬಂದಿದೆ ಅಂತ ಕಂಪ್ಯೂಟರ್ ಹೇಳಿತು, 24,000 ಪೌಂಡ್ ಅವರ ತಲೆ ಮೇಲೆ ಬಿತ್ತು. ಅವರ ವಿಷಯದಲ್ಲಿ ತಪ್ಪು ಸಾಫ್ಟ್‌ವೇರಿನದ್ದು ಅಂತ ಗೊತ್ತಾಯಿತು. ಅದಕ್ಕಿಂತ ಮೊದಲು ಅದೇ ಸಾಫ್ಟ್‌ವೇರಿನ ಲೆಕ್ಕ ನಂಬಿ ನೂರಾರು ಪೋಸ್ಟ್‌ಮಾಸ್ಟರ್‌ಗಳ ಮೇಲೆ ಕಳ್ಳತನದ, ಸುಳ್ಳು ಲೆಕ್ಕದ ಕೇಸ್ ಹಾಕಿದ್ದರು, ಕೆಲವರು ಜೈಲಿಗೂ ಹೋದರು. "ನಾನೇ ಕದ್ದೆ ಅಂತ ಹೇಳ್ತಾರೋ ಏನೋ" ಅಂತ ಅಕ್ಕ ಹೇಳಿದ್ದು ನನಗೆ ಅದನ್ನು ಓದುವಾಗ ನೆನಪಾಯಿತು.

ಸರಿ, ಇಂಥ ಸಂದರ್ಭಗಳನ್ನು ಹುಡುಕುವುದು ಎಲ್ಲಿ? ನನಗೆ ಸಿಕ್ಕಿದ್ದು ಅಕ್ಕನ ಡ್ರಾಯರ್‌ನಲ್ಲಿದ್ದ ಹಳೇ ರಿಜಿಸ್ಟರ್‌ನಲ್ಲಿ. ಕೈಯಲ್ಲಿ ಬರೆಯುತ್ತಿದ್ದ ಕಾಲದ್ದು. ಅಚ್ಚುಕಟ್ಟಾದ ಸಾಲುಗಳನ್ನು ಬಿಟ್ಟು, ಗೀಟು ಹಾಕಿ ತಿದ್ದಿದ ಜಾಗಗಳನ್ನು ಮಾತ್ರ ನೋಡಿದೆ. ಪ್ರತಿ ಗೀಟಿನ ಹಿಂದೆ ಒಂದು ಕಥೆ. 47ರ ಹಾಲು 74ಕ್ಕೆ ಬರೆದದ್ದು. ಹಾಲು ಒಡೆದು ವಾಪಸ್ ಕಳಿಸಿದ್ದು. ಮೆಷಿನ್ ಕೆಟ್ಟು ಫ್ಯಾಟ್ ಅಳೆಯದೆ, ಹಿಂದಿನ ದಿನದ ಫ್ಯಾಟ್ ಹಾಕಿಕೊಂಡದ್ದು. ಸದಸ್ಯರು ತೀರಿಕೊಂಡು, ಹಾಲು ಮಾತ್ರ ಅದೇ ನಂಬರಿನಲ್ಲಿ ಬರ್ತಾ ಇದ್ದದ್ದು.

47 ಮತ್ತು 74 ಅನ್ನುವುದನ್ನೇ ನೋಡಿ. ಪಾಳಿ ಮುಗಿಯುವ ಮೊದಲು ಗೊತ್ತಾದರೆ ತಿದ್ದಿದರೆ ಆಯಿತು. ಪಾಳಿ ಮುಗಿದ ಮೇಲೆ ಗೊತ್ತಾದರೆ ಹಳೇ ಸಾಲು ಅಳಿಸಬಾರದು, ಕಾರಣ ಬರೆದು ಒಂದು ಕಳೆಯುವ ಸಾಲು, ಒಂದು ಕೂಡಿಸುವ ಸಾಲು ಹಾಕಬೇಕು. ಹಣ ಪಾವತಿ ಆದ ಮೇಲೆ ಗೊತ್ತಾದರೆ 74ರವರ ಮುಂದಿನ ಬಿಲ್ಲಿನಲ್ಲಿ ಕಡಿತ ಮಾಡಬೇಕು. ಅವರು ಅಷ್ಟರಲ್ಲಿ ಹಸು ಮಾರಿದ್ದರೆ, ಮುಂದಿನ ಬಿಲ್ಲೇ ಇಲ್ಲ. ತಪ್ಪು ಒಂದೇ, ಗೊತ್ತಾದ ದಿನ ಬೇರೆ, ಆದ್ದರಿಂದ ನಾಲ್ಕು ಸನ್ನಿವೇಶ.

ಹೀಗೆ ಬರೆಯುತ್ತಾ ಹೋದರೆ ಮುಗಿಯುವುದಿಲ್ಲ ಅಂತ ನೀವು ಹೇಳಬಹುದು. ನಿಜ, ಮುಗಿಯುವುದಿಲ್ಲ. ನಾವು ಆರಿಸಿದ್ದು ಒಂದು ಪ್ರಶ್ನೆ ಇಟ್ಟುಕೊಂಡು. ಈ ತಪ್ಪು ಆದರೆ ಯಾರಿಗಾದರೂ ಗೊತ್ತಾಗ್ತದಾ, ಯಾವಾಗ? ಪ್ರಿಂಟರ್ ಪೇಪರ್ ಮುಗಿದರೆ ಆ ಕ್ಷಣವೇ ಎಲ್ಲರಿಗೂ ಗೊತ್ತಾಗ್ತದೆ, ಅದು ಪಟ್ಟಿಯ ಕೊನೆಗೆ ಹೋಯಿತು. ನಿನ್ನೆಯ ಫ್ಯಾಟ್ ಹಾಕಿದ್ದು ಯಾರಿಗೂ ಗೊತ್ತಾಗುವುದಿಲ್ಲ, ದಿನಾ ನಾಲ್ಕೈದು ರೂಪಾಯಿ ಆಚೆ ಈಚೆ ಹೋಗ್ತಾ ಇರ್ತದೆ. ಅದು ಮೊದಲಿಗೆ ಬಂತು. ಅಪರೂಪಕ್ಕೆ ಆಗುವುದು ಅನ್ನುವ ಕಾರಣಕ್ಕೆ ನಾವು ಯಾವುದನ್ನೂ ಬಿಡಲಿಲ್ಲ, ಕೂಡಲೇ ಕಣ್ಣಿಗೆ ಬೀಳುವಂಥದ್ದು ಅನ್ನುವ ಕಾರಣಕ್ಕೆ ಬಿಟ್ಟೆವು.

ಇನ್ನೊಂದು ಮಾತು. ಸನ್ನಿವೇಶದ ಕೊನೆಗೆ "ಏನಾಗಬೇಕು" ಅಂತ ಬರೆಯುವುದು ಟೆಸ್ಟರ್ ಅಲ್ಲ. ನನಗೆ ಗೊತ್ತಿಲ್ಲದ ಕಡೆ ನಾನು ಊಹಿಸಿ ಬರೆದರೆ, ಪ್ರೋಗ್ರಾಂ ಬರೆದವರು ಅದನ್ನೇ ನಿಯಮ ಅಂತ ತಿಳಿದು ಮಾಡಿಬಿಡ್ತಾರೆ. ಆ ಕಾಲಂ ಅಕ್ಕನದ್ದು. ಅಕ್ಕನಿಗೂ ಅಧಿಕಾರ ಇಲ್ಲದ್ದು ಆಡಳಿತ ಮಂಡಳಿಯದ್ದು.

ಹನ್ನೆರಡು ಇದ್ದ ಪಟ್ಟಿ 31 ಆಯಿತು. ಅದರಲ್ಲಿ 30ಕ್ಕೆ ಉತ್ತರ ಬರೆದಾಗಿದೆ. ಒಂದು ಮಾತ್ರ ಬಾಕಿ. ತೂಕ ಆಗಿ, ಚೀಟಿ ಬಂದ ಮೇಲೆ, ದೊಡ್ಡ ಕ್ಯಾನಿಗೆ ಸುರಿಯುವಾಗ ಹಾಲು ಚೆಲ್ಲಿದರೆ ನಷ್ಟ ಯಾರದ್ದು? "ತೂಕ ಆದ ಮೇಲೆ ಅದು ಸೊಸೈಟಿಯದ್ದು" ಅಂತ ಅಕ್ಕ ಹೇಳ್ತಾರೆ. "ಸುರಿಯುತ್ತಿದ್ದವರು ಸದಸ್ಯರೇ ಆದರೆ?" ಅಂತ ಮೀಟಿಂಗಿನಲ್ಲಿ ಒಬ್ಬರು ಕೇಳಿದರಂತೆ. ಮುಂದಿನ ಮೀಟಿಂಗಿಗೆ ಹಾಕಿದ್ದಾರೆ. ಅಲ್ಲಿಯ ತನಕ ಆ ಸಾಲಿನ ಎದುರು ನಾನು "ತೀರ್ಮಾನ ಬಾಕಿ" ಅಂತ ಬರೆದು ಇಟ್ಟಿದ್ದೇನೆ.