ಮೋತಿಯ ಸುದ್ದಿಗೆ ಏನು ಬರೆಯುವುದು?

ಸಾಕಿದ ಪ್ರಾಣಿ ಸತ್ತಾಗ ಅದನ್ನು ಕಳೆದುಕೊಂಡ ಗೆಳೆಯನಿಗೆ ನಾವು ಕಳಿಸುವ ನಾಲ್ಕು ಸಾಲಿನ ಬಗ್ಗೆ ಈ ಸಂಜೆ ಮಾತಾಡುತ್ತೇನೆ. ಇಷ್ಟು ಸಣ್ಣ ವಿಷಯಕ್ಕೊಂದು ಉಪನ್ಯಾಸ ಬೇಕೇ ಎಂದು ನಮ್ಮ ಬಳಗದ ಹಿರಿಯರೊಬ್ಬರು ಕೇಳಿದರು. ಹುಟ್ಟಿದ್ದು ಸಾಯಲೇಬೇಕು, ಅದಕ್ಕಿಂತ ದೊಡ್ಡ ಸಮಾಧಾನ ಇಲ್ಲ ಎಂಬುದು ಅವರ ವಾದ. ಅವರ ಜೊತೆಗಿನ ನನ್ನ ಜಗಳ ಬಹಳ ದಿನದ್ದು. ಆ ಮಾತು ಸುಳ್ಳಲ್ಲ. ಆದರೆ ಅದು ಸಾವನ್ನು ಕುರಿತ ಮಾತು, ಸತ್ತ ಆ ಒಂದು ಜೀವವನ್ನು ಕುರಿತದ್ದಲ್ಲ.

ನನ್ನ ಪಕ್ಷಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ಮದ್ದೂರು ತಾಲೂಕಿನ ಆತಕೂರಿನ ಶಾಸನ ನಿಮಗೆಲ್ಲ ಗೊತ್ತು. ಚಿಕ್ಕೋಡಿಯಲ್ಲಿ ನಮಗೆ ಇತಿಹಾಸ ಕಲಿಸಿದ ಮಾಸ್ತರರು ತಕ್ಕೋಲದ ಯುದ್ಧ, ಮುಮ್ಮಡಿ ಕೃಷ್ಣ, ಬೂತುಗ, ಚೋಳ ರಾಜಾದಿತ್ಯನ ಸಾವು ಇಷ್ಟನ್ನೂ ಬೋರ್ಡಿನ ಮೇಲೆ ಬರೆದು, ಕೊನೆಗೆ ಸುಣ್ಣದ ಕಡ್ಡಿ ಕೆಳಗಿಟ್ಟು, ‘ಒಂದು ನಾಯಿಯ ಕಥೆಯೂ ಅದರಾಗ ಐತಿ’ ಎನ್ನುತ್ತಿದ್ದರು. ಅವರ ದನಿ ಆಗ ಮೆತ್ತಗಾಗುತ್ತಿತ್ತು, ಆದರೆ ಪರೀಕ್ಷೆಗೆ ಅದು ಬರುತ್ತಿರಲಿಲ್ಲ. ನಾನು ಹೇಳುವುದು ಇಷ್ಟು: ಆ ಕಲ್ಲು ನಿಂತದ್ದೇ ನಾಯಿಗಾಗಿ. ಕಾಲ ಶಕವರ್ಷ 872, ಕ್ರಿ.ಶ. 949-50. ಯುದ್ಧದಲ್ಲಿ ಮೆಚ್ಚುಗೆ ಪಡೆದ ಮಣಲೇರ ಎಂಬ ವೀರನಿಗೆ ಒಡೆಯ ಬೇಕಾದ್ದು ಕೇಳು ಎಂದಾಗ ಅವನು ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಬೆಳತೂರಿನ ಪಡುವಣ ದಿಬ್ಬದಲ್ಲಿ ಅದನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಟ್ಟುತ್ತದೆಂದು ಬರೆಸಿದರು. ಇಂದು ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ ಹಂದಿಯ ಮೇಲೆರಗಿದ ಕೆತ್ತನೆಯನ್ನು ಅಲ್ಲಿ ಈಗಲೂ ನೋಡಬಹುದು.

ನಾಯಿಯ ಹೆಸರು, ಅದು ಸತ್ತ ಜಾಗ, ಸತ್ತ ಬಗೆ, ನಾಳೆಯಿಂದ ಅದನ್ನು ನೆನೆಯಬೇಕಾದವರು ಯಾರು ಎಂಬ ಮಾತು: ಇಷ್ಟೂ ಅಲ್ಲಿದೆ. ‘ಎಲ್ಲರೂ ಸಾಯುವವರೇ’ ಎಂಬುದು ಮಾತ್ರ ಇಲ್ಲ. ಸಾವಿರ ವರ್ಷದ ಹಿಂದಿನ ಕನ್ನಡಿಗ ಇಷ್ಟು ಮಾಡಿದ್ದರೆ ನಾವು ‘ಓಂ ಶಾಂತಿ’ ಎಂದು ಕಳಿಸಿ ಮುಗಿಸಬೇಕೇ?

ನನ್ನ ಗೆಳೆಯನ ಸಂಗತಿಗೆ ಬರುತ್ತೇನೆ. ರಾಯಬಾಗದ ಕಡೆ ಕಬ್ಬಿನ ಹೊಲ, ಹೊಲದಲ್ಲೇ ಮನೆ. ಮೋತಿ ಎಂಬ ನಾಯಿ ಮರಿಯಿದ್ದಾಗಿನಿಂದ ಅಲ್ಲೇ ಬೆಳೆದದ್ದು. ಒಂದು ರಾತ್ರಿ ಅದು ವಾಂತಿ ಮಾಡಿಕೊಂಡು, ನಡುಗಿ, ಬೆಳಗಾಗುವುದರೊಳಗೆ ತೀರಿಕೊಂಡಿತು. ಊರಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಿತ್ತು. ಹತ್ತಾರು ಕೈಮುಗಿದ ಚಿತ್ರಗಳು, ‘ಹೋಗ್ಲಿ ಬಿಡಪಾ, ಇನ್ನೊಂದ ಮರಿ ನಾ ಕೊಡ್ತೇನಿ’ ಎಂಬ ಉದಾರ ಮಾತು, ‘ನಾಯಿ ಹೋತಂದ್ರ ಮನಿ ಪೀಡಾ ಹೋತು’ ಎಂಬ ನಂಬಿಕೆ. ಯಾರದೂ ಕೆಟ್ಟ ಮನಸ್ಸಲ್ಲ. ಆದರೆ ಇನ್ನೊಂದು ಮರಿ ಎನ್ನುವಾಗ ಹೋದದ್ದು ಒಂದು ಖಾಲಿ ಜಾಗ ಮಾತ್ರ ಎಂದಂತಾಗುತ್ತದೆ, ಪೀಡೆ ಎನ್ನುವಾಗ ಅತ್ತವನು ತನ್ನ ಒಳಿತಿಗೇ ಅತ್ತಂತಾಗುತ್ತದೆ. ಇಂಥ ದುಃಖಕ್ಕೆ ಸಮಾಜ ಒಪ್ಪಿಗೆ ಕೊಡುವುದಿಲ್ಲ ಎಂದು ಕೆನೆತ್ ಡೋಕಾ ಎಂಬ ಅಮೆರಿಕದ ವಿದ್ವಾಂಸ 1989ರಲ್ಲಿ ಒಂದು ಪುಸ್ತಕವನ್ನೇ ತಂದ. ಸೂತಕವಿಲ್ಲ, ಮೂರನೆಯ ದಿನವಿಲ್ಲ, ರಜೆಯಿಲ್ಲ. ಮರುದಿನ ಕಬ್ಬು ಕಡಿಯುವ ಗ್ಯಾಂಗು ಬಂದರೆ ಹೊಲಕ್ಕೆ ಹೋಗಲೇಬೇಕು.

ನಾನು ಗುಂಪಿಗೆ ಬರೆಯಲಿಲ್ಲ, ಅವನೊಬ್ಬನಿಗೇ ಬರೆದೆ: ‘ಅಣ್ಣಾ, ಮೋತಿ ಹ್ವಾದ ಸುದ್ದಿ ಈಗ ಗೊತ್ತಾತು. ನಾ ಕಾಲವಿ ದಾಟೂದ್ರಾಗ ಗಾಡಿ ಸಪ್ಪಳ ಗುರ್ತ ಹಿಡದು ಬದುವಿನ ಮ್ಯಾಲ ಬಂದು ನಿಂದರತಿತ್ತು. ಮತ್ತೊಬ್ಬರ ಗಾಡಿಗೆ ಬೊಗಳತಿತ್ತು, ನನ್ನ ಗಾಡಿಗೆ ಬೊಗಳತಿರಲಿಲ್ಲ. ಅದಿಲ್ಲದ ಹೊಲ ನಿನಗ ಹ್ಯಾಂಗ ಕಾಣತೈತೋ ನಾ ಹೇಳಾಕ ಆಗೂದಿಲ್ಲ. ರವಿವಾರ ಬರ್ತೇನಿ. ಇದಕ್ಕ ಉತ್ತರ ಬರೀಬ್ಯಾಡ.’

ಇದರಲ್ಲಿ ಹೆಸರಿದೆ. ಮೋತಿಯನ್ನು ಬಿಟ್ಟು ಬೇರೆ ಯಾವ ನಾಯಿಗೂ ಒಪ್ಪದ ಒಂದು ಗುರುತಿದೆ. ‘ನಿನ್ನ ದುಃಖ ನನಗೆ ಗೊತ್ತು’ ಎಂದು ಬರೆಯಲಿಲ್ಲ, ಏಕೆಂದರೆ ಗೊತ್ತಿರಲಿಲ್ಲ. ಏನಾದರೂ ಬೇಕಾದರೆ ಹೇಳು ಎಂದರೆ ಕೇಳುವ ಭಾರ ಅವನ ಮೇಲೆ ಬೀಳುತ್ತದೆ, ಅದಕ್ಕೆ ಬರುವ ದಿನವನ್ನೇ ಹೇಳಿದೆ. ಉತ್ತರ ಬೇಡ ಎಂದದ್ದರಿಂದ ಅತ್ತ ಕಣ್ಣಲ್ಲಿ ಮೊಬೈಲ್ ಒತ್ತುವ ಕೆಲಸ ಅವನಿಗೆ ಉಳಿಯಲಿಲ್ಲ ಎಂದುಕೊಂಡೆ.

ಆದರೂ ಉತ್ತರ ಬಂತು. ‘ನಾನ ಕೊಂದೆ.’ ಇಷ್ಟೇ.

ಕಬ್ಬಿಗೆ ಇಲಿ ಕಾಟ ನಿಮಗೆ ಗೊತ್ತು. ಹಿಟ್ಟಿಗೆ ಎಣ್ಣೆ ಹಚ್ಚಿ ಝಿಂಕ್ ಫಾಸ್ಫೈಡ್ ಕಲಸಿ ಬಿಲದ ಬಾಯಿಗೆ ಇಡುತ್ತಾರೆ. ಅವನೂ ಇಟ್ಟಿದ್ದ. ಎಣ್ಣೆಯ ವಾಸನೆಗೆ ನಾಯಿ ಬಂದಿತ್ತು. ಆ ಪುಡಿ ಹೊಟ್ಟೆಯ ಹುಳಿಗೆ ತಾಗಿದರೆ ವಿಷದ ಅನಿಲ ಏಳುತ್ತದೆ, ಅದಕ್ಕೆ ನೇರವಾದ ಪ್ರತಿವಿಷ ಇಲ್ಲ. ಬೇಗ ಆಸ್ಪತ್ರೆ ಮುಟ್ಟಿದರೆ ಆರೈಕೆಯಿಂದ ಕೆಲವು ಉಳಿಯುತ್ತವೆ, ನಡುಕ ಹತ್ತಿದ ಮೇಲೆ ಕಷ್ಟ.

ಇಲ್ಲಿ ಎಲ್ಲರ ಬೆರಳಿಗೂ ಮೊದಲು ಬರುವುದು ‘ನಿನ್ನ ತಪ್ಪಿಲ್ಲ’ ಎಂಬ ಸಾಲು. ನಾನು ಅದನ್ನು ಬರೆಯಲಾರೆ ಎನಿಸಿತು. ಇಟ್ಟವನು ಅವನೇ ಎಂದು ಅವನಿಗೆ ಗೊತ್ತು. ಅದನ್ನು ಅಲ್ಲಗಳೆದರೆ ನಾನು ಅವನ ಮಾತನ್ನೇ ಕೇಳಲಿಲ್ಲ ಎಂದಾಗುತ್ತದೆ, ಮುಂದೆ ಅವನು ಯಾರಿಗೂ ಹೇಳುವುದಿಲ್ಲ. ಹೀಗೆ ಬರೆದೆ: ‘ಔಷಧ ನೀನ ಇಟ್ಟಿದ್ದಿ, ಅದು ಖರೆ. ಮೋತಿ ತಿನ್ನಲಿ ಅಂತ ಇಟ್ಟಿರಲಿಲ್ಲ, ಅದೂ ಖರೆ. ರಾತ್ರಿ ನೀ ನೋಡೂದ್ರಾಗ ವಿಷ ಏರಿ ಬಿಟ್ಟಿತ್ತು, ಆಗ ಡಾಕ್ಟರ ಕೈಯಾಗೂ ಭಾಳ ಇರಲಿಲ್ಲ. ರಾತ್ರಿಯೆಲ್ಲಾ ನೀ ಅದರ ಬಾಜೂಕ ಕುಂತಿದ್ದಿ.’ ನಾಲ್ಕು ಸಾಲೂ ನಿಜ. ವಿಷದ ಸಂಗತಿಯನ್ನು ನಮ್ಮ ಊರಿನ ಪಶುವೈದ್ಯರನ್ನು ಕೇಳಿ ಖಾತ್ರಿ ಮಾಡಿಕೊಂಡ ಮೇಲೆಯೇ ಮೂರನೆಯ ಸಾಲು ಸೇರಿಸಿದೆ. ಸಮಾಧಾನಕ್ಕೆಂದು ಹೇಳಿದ ಸುಳ್ಳು ಮುಂದೊಂದು ದಿನ ಬಯಲಾದರೆ ನಮ್ಮ ಉಳಿದ ಮಾತುಗಳನ್ನೂ ಅವನು ನಂಬಲಾರ.

ರವಿವಾರ ಹೋದಾಗ ಅವನು ಮೋತಿಯ ಮಾತೇ ಆಡಿದ, ನಾನು ಕೇಳಿದೆ. ಎರಡು ವಾರದ ಮೇಲೆ ಎಲ್ಲರೂ ಮರೆತಾಗ ಮತ್ತೆ ಒಂದು ಸಾಲು ಕಳಿಸಿದೆ, ಹೆಸರು ಹಿಡಿದೇ. ಆತಕೂರಿನ ಗೊರವನಿಗೆ ಅದು ದಿನದ ಕೆಲಸವಾಗಿತ್ತು, ನಾನು ಅಷ್ಟಾದರೂ ಮಾಡಬೇಕಲ್ಲ.

ಆದರೆ ನನ್ನೊಳಗೆ ಬಗೆಹರಿಯದೆ ಉಳಿದದ್ದು ನಿಮ್ಮ ಮುಂದಿಡುತ್ತೇನೆ. ಮುಂದಿನ ಹಂಗಾಮಿಗೆ ಇಲಿ ಬರುತ್ತವೆ, ಅವನು ಮತ್ತೆ ಔಷಧ ಇಡಲೇಬೇಕು. ಬಿಲದೊಳಗೆ ಆಳಕ್ಕೆ ಇಟ್ಟು ಬಾಯಿ ಮುಚ್ಚು, ಪಕ್ಕದ ಹೊಲದ ನಾಯಿಗಳಿವೆ ಎಂದು ನಾನು ಯಾವಾಗ ಹೇಳಲಿ? ಹೇಳಿದ ಕೂಡಲೇ ಬರೆದದ್ದೆಲ್ಲ ಆರೋಪವಾಗಿ ಕಾಣದೇ? ಹೇಳದಿದ್ದರೆ ಇನ್ನೊಂದು ಮನೆಯ ಮೋತಿ? ಇನ್ನೊಂದು: ಚಿಂಚಲಿ ಮಾಯಕ್ಕನ ಜಾತ್ರೆಗೆ ಗಾಡಿ ಹೂಡಿ, ಹೆಸರು ಹಿಡಿದು ಕರೆದ ಖಿಲಾರಿ ಎತ್ತನ್ನು ವಯಸ್ಸಾಯಿತೆಂದು ಸಂತೆಗೆ ಹೊಡೆದು ಬಂದು ರಾತ್ರಿ ಉಣ್ಣದೆ ಮಲಗುವವನಿದ್ದಾನೆ. ಅವನಿಗೂ ದುಃಖವಿದೆ, ಹೋದದ್ದು ಅವನ ಕೈಯಿಂದಲೇ. ಅವನಿಗೆ ನಾನು ಏನು ಬರೆಯಲಿ, ಬರೆಯಲು ನನಗೆ ಮನಸ್ಸಾದರೂ ಬರುತ್ತದೆಯೇ?